ಎಲೆ ಓದುವ ಫೋನಿಗೆ 25 ಲಕ್ಷ: ಅರ್ಜಿಯಲ್ಲಿ ಏನಿರಬೇಕು?

ಎಲೆಯ ಫೋಟೊ ತೆಗೆದರೆ ಸಾಕು, ರೋಗ ಯಾವುದೆಂದು ಫೋನೇ ಹೇಳುತ್ತದೆ. ಅಂಥ ಆ್ಯಪ್ ಕಟ್ಟಲು ಅನುದಾನ ಕೊಡಿ. ಹೀಗೆ ಕೇಳುವ ಅರ್ಜಿಯ ಮೊದಲ ಪುಟದಲ್ಲಿ ಸಾಮಾನ್ಯವಾಗಿ ಒಂದು ದೊಡ್ಡ ಅಂಕಿ ಇರುತ್ತದೆ: ನಿಖರತೆ ಶೇ 95, ಶೇ 98, ಕೆಲವೊಮ್ಮೆ ಶೇ 99. ಈ ಆಸೆಯ ಬೇರು ಹಿಡಿದು ಹೋದರೆ 2016ರ ಒಂದು ಸಂಶೋಧನಾ ಪ್ರಬಂಧ ಸಿಗುತ್ತದೆ. ಮೊಹಾಂತಿ, ಹ್ಯೂಸ್, ಸಲಾಥೆ ಎಂಬ ಮೂವರು 'ಪ್ಲಾಂಟ್‌ವಿಲೇಜ್' ಸಂಗ್ರಹದ 54,306 ಎಲೆಚಿತ್ರಗಳನ್ನು ಕಂಪ್ಯೂಟರಿಗೆ ತೋರಿಸಿ, 14 ಬೆಳೆಗಳ 26 ರೋಗಗಳನ್ನು ಗುರುತಿಸುವುದನ್ನು ಕಲಿಸಿದರು. ಕಲಿಸುವಾಗ ತೋರಿಸದೆ ಬದಿಗಿಟ್ಟಿದ್ದ ಚಿತ್ರಗಳ ಮೇಲೆ ಪರೀಕ್ಷೆ ಮಾಡಿದಾಗ ಅದು ಶೇ 99.35ರಷ್ಟು ಸರಿಯುತ್ತರ ಕೊಟ್ಟಿತು. ಜಗತ್ತಿನಾದ್ಯಂತ ಸುದ್ದಿಯಾದದ್ದು ಈ ಅಂಕಿ. ಅದೇ ಪ್ರಬಂಧದಲ್ಲಿ ಇನ್ನೊಂದು ಅಂಕಿಯೂ ಇದೆ. ಬೇರೆ ಕಡೆ, ಬೇರೆ ಬೆಳಕಿನಲ್ಲಿ ತೆಗೆದ ಚಿತ್ರಗಳನ್ನು ಕೊಟ್ಟಾಗ ನಿಖರತೆ ಶೇ 31ರ ಆಸುಪಾಸಿಗೆ ಕುಸಿಯಿತು. ಸಂಶೋಧಕರು ಅದನ್ನು ಮುಚ್ಚಿಡದೆ ಬರೆದಿದ್ದಾರೆ. ಅರ್ಜಿ ಬರೆಯುವವರು ಮಾತ್ರ ಮೊದಲನೆಯದನ್ನು ಹಿಡಿದುಕೊಂಡು ಎರಡನೆಯದನ್ನು ಬಿಟ್ಟುಬಿಡುತ್ತಾರೆ.

ಕುಸಿತಕ್ಕೆ ಕಾರಣ ತಿಳಿಯಬೇಕಾದರೆ ಆ ಚಿತ್ರಗಳನ್ನೇ ನೋಡಬೇಕು. ಬಹುತೇಕ ಚಿತ್ರಗಳಲ್ಲಿ ಒಂದೇ ಎಲೆ. ಗಿಡದಿಂದ ಕಿತ್ತು ತಂದದ್ದು. ಹಿಂದೆ ಬೂದು ಬಣ್ಣದ ಸಪಾಟು ಹಾಳೆ. ಒಂದು ರೋಗದ ಎಲೆಗಳನ್ನು ಒಂದೇ ಹೊತ್ತಿನಲ್ಲಿ, ಒಂದೇ ಮೇಜಿನ ಮೇಲೆ ಇಟ್ಟು ತೆಗೆದಿದ್ದರೆ ಆ ಬೆಳಕಿನ ಛಾಯೆ ರೋಗಕ್ಕೆ ಅಂಟಿಕೊಂಡುಬಿಡುತ್ತದೆ. ಮುಂದೆ ಒಬ್ಬ ಸಂಶೋಧಕ ಇದನ್ನು ಪರೀಕ್ಷಿಸಿ ನೋಡಿದ. ಎಲೆಯನ್ನು ಪೂರ್ತಿ ಬಿಟ್ಟು, ಚಿತ್ರದ ಹಿನ್ನೆಲೆಯಿಂದ ಬರೀ ಎಂಟು ಚುಕ್ಕಿಗಳ ಬಣ್ಣವನ್ನು ಮಾತ್ರ ಕೊಟ್ಟು ರೋಗ ಯಾವುದೆಂದು ಕೇಳಿದ. ಕಣ್ಣುಮುಚ್ಚಿ ಊಹಿಸಿದರೆ ಶೇ 2.6 ಸರಿಯಾಗಬೇಕಿದ್ದ ಕಡೆ ಶೇ 49 ಸರಿಯಾಯಿತು. ಅಂದರೆ ಆ ಸಂಗ್ರಹದಲ್ಲಿ ರೋಗದ ಗುರುತು ಎಲೆಯ ಮೇಲಷ್ಟೇ ಅಲ್ಲ, ಕೆಳಗಿನ ಹಾಳೆಯಲ್ಲೂ ಇತ್ತು. ಮುಳಬಾಗಿಲಿನ ಟೊಮೆಟೊ ತೋಟದಲ್ಲಿ ಬೂದು ಹಾಳೆ ಎಲ್ಲಿಂದ ಬರಬೇಕು?

ಹಾಗಾದರೆ ಒಳ್ಳೆಯ ಅರ್ಜಿಯಲ್ಲಿ ಏನಿರಬೇಕು? ಒಂದನ್ನು ಇಲ್ಲೇ ಬರೆದು ನೋಡೋಣ. ಬೆಳೆ ಟೊಮೆಟೊ, ಜಿಲ್ಲೆ ಕೋಲಾರ, ಅವಧಿ ಎರಡು ವರ್ಷ, ಮೊತ್ತ 25 ಲಕ್ಷ ರೂಪಾಯಿ. ರಾಷ್ಟ್ರೀಯ ಕೃಷಿ ವಿಕಾಸ ಯೋಜನೆಯ 'ರಫ್ತಾರ್' ಅಡಿ ಕೃಷಿ ಸ್ಟಾರ್ಟ್‌ಅಪ್‌ಗಳಿಗೆ ಬೀಜಧನವಾಗಿ ನಿಗದಿಯಾಗಿದ್ದ ಗರಿಷ್ಠ ಮೊತ್ತ ಇಷ್ಟೇ ಆದ್ದರಿಂದ ಅದನ್ನೇ ಇಟ್ಟುಕೊಂಡಿದ್ದೇನೆ. ಲೆಕ್ಕಗಳೆಲ್ಲ ನನ್ನ ಅಂದಾಜು. ವಾದಕ್ಕೆ ಬೇಕಾದ ಪ್ರಮಾಣ ಗೊತ್ತಾಗಲು ಅಷ್ಟು ಸಾಕು.

ಅರ್ಜಿಯ ಮೊದಲ ಸಾಲು ತಂತ್ರಜ್ಞಾನದ ಬಗ್ಗೆ ಇರಬಾರದು, ರೈತ ತೆಗೆದುಕೊಳ್ಳಬೇಕಾದ ತೀರ್ಮಾನದ ಬಗ್ಗೆ ಇರಬೇಕು. ಅರ್ಧ ಎಕರೆ, ಒಂದು ಎಕರೆ ಟೊಮೆಟೊ ಇಟ್ಟವರು ಎಲೆಯ ಮೇಲೆ ಚುಕ್ಕೆ ಕಂಡಾಗ ಏನು ಮಾಡುತ್ತಾರೆ? ನಾಲ್ಕು ಎಲೆ ಕಿತ್ತು ಜೇಬಿಗೆ ಹಾಕಿಕೊಂಡು ಔಷಧಿ ಅಂಗಡಿಗೆ ಹೋಗುತ್ತಾರೆ. "ಅಣ್ಣಾ, ಇದಕ್ಕೇನಾದ್ರೂ ಕೊಡಿ" ಅನ್ನುತ್ತಾರೆ. ಬಾಡಿದ ಎಲೆಯನ್ನು ತಿರುಗಿಸಿ ನೋಡಿದ ಅಂಗಡಿಯವರು "ಯಾವುದಕ್ಕೂ ಇರಲಿ, ಇವೆರಡೂ ಸೇರಿಸಿ ಹೊಡೀರಿ" ಎಂದು ಒಂದು ಶಿಲೀಂಧ್ರನಾಶಕ, ಒಂದು ಕೀಟನಾಶಕ ಕೊಡುತ್ತಾರೆ. ಅವರಿಗೂ ಬೇರೆ ದಾರಿಯಿಲ್ಲ. ಎದುರಿಗಿರುವುದು ಮುದುಡಿದ ಎಲೆ, ಕಾಯುತ್ತಿರುವುದು ಅವಸರದ ಗಿರಾಕಿ. ನಮ್ಮ ಸಾಧನ ಕೆಲಸಕ್ಕೆ ಬರಬೇಕಾದದ್ದು ರೈತರು ಎಲೆ ಕೀಳುವ ಮೊದಲು, ತೋಟದಲ್ಲಿ ನಿಂತಿರುವಾಗಲೇ.

ಹಾಗೆ ನೋಡಿದರೆ ಟೊಮೆಟೊಗೆ ಬರುವ ಹತ್ತಾರು ರೋಗಗಳನ್ನೂ ಫೋನಿಗೆ ಕಲಿಸುವ ಅಗತ್ಯವಿಲ್ಲ. ಯಾವುದು ಅಂತ ಗೊತ್ತಾದರೆ ಮಾಡುವ ಕೆಲಸ ಬದಲಾಗುತ್ತದೋ ಅವಷ್ಟೇ ಸಾಕು. ಕೊನೆಯ ಅಂಗಮಾರಿಯಾದರೆ ತಡ ಮಾಡುವಂತಿಲ್ಲ. ಮೋಡ, ಜಿಟಿಜಿಟಿ ಮಳೆ, ತಂಪು ರಾತ್ರಿ ಸೇರಿದರೆ ಅದು ಕೆಲವೇ ದಿನಗಳಲ್ಲಿ ತೋಟವನ್ನು ಸುಟ್ಟಂತೆ ಮಾಡುತ್ತದೆ. ಮುಂಚಿನ ಅಂಗಮಾರಿಯಾದರೆ ಅಷ್ಟು ಅವಸರವಿಲ್ಲ. ಅದು ಕೆಳಗಿನ ಹಳೆಯ ಎಲೆಗಳಲ್ಲಿ, ಒಂದರೊಳಗೊಂದು ಉಂಗುರಗಳಿರುವ ಕಂದು ಚುಕ್ಕೆಯಾಗಿ ಶುರುವಾಗುತ್ತದೆ. ಆ ಎಲೆಗಳನ್ನು ತೆಗೆದು ಹೊರಗೆ ಹಾಕಿ, ರಕ್ಷಣೆಗೆ ಮ್ಯಾಂಕೋಜೆಬ್‌ನಂಥದ್ದನ್ನು ಹೊಡೆಯಬಹುದು. ಬಿಳಿನೊಣ ಹರಡುವ ಎಲೆ ಮುಟುರು ರೋಗವಾದರೆ ಯಾವ ಶಿಲೀಂಧ್ರನಾಶಕವೂ ನಾಟುವುದಿಲ್ಲ. ಅದು ವೈರಸ್, ಬಂದ ಗಿಡ ಕೀಳುವುದೇ ದಾರಿ. ನಾಲ್ಕನೆಯದು, ರೋಗವೇ ಅಲ್ಲದ್ದು: ಪೋಷಕಾಂಶದ ಕೊರತೆ, ಔಷಧಿ ಹೆಚ್ಚಾಗಿ ಎಲೆ ಸುಟ್ಟದ್ದು. ಅಲ್ಲಿ ಏನೂ ಹೊಡೆಯದಿರುವುದೇ ಸರಿಯಾದ ಕೆಲಸ. ಈ ನಾಲ್ಕರ ಜೊತೆಗೆ ಐದನೆಯ ಉತ್ತರವೊಂದು ಇರಲೇಬೇಕು: 'ಗೊತ್ತಾಗುತ್ತಿಲ್ಲ'. ಇಂಥ ಸಾಧನಗಳ ಒಳಗಿನ ಲೆಕ್ಕಾಚಾರ ಇದ್ದ ಆಯ್ಕೆಗಳಲ್ಲೇ ಶೇಕಡಾವನ್ನು ಹಂಚಿಬಿಡುತ್ತದೆ. ಹಾಗಾಗಿ ಬದನೆ ಎಲೆ ತೋರಿಸಿದರೂ, ಚಪ್ಪಲಿ ತೋರಿಸಿದರೂ ಟೊಮೆಟೊದ ಯಾವುದಾದರೊಂದು ರೋಗದ ಹೆಸರು ಬರುತ್ತದೆ. ಎಷ್ಟರ ಕೆಳಗೆ ಬಂದರೆ ಬಾಯಿ ಮುಚ್ಚಿಕೊಳ್ಳಬೇಕು ಎಂಬುದನ್ನು ತೋಟದ ಚಿತ್ರಗಳಿಂದಲೇ ಗೊತ್ತುಮಾಡಿ ಅದಕ್ಕೆ ಕಲಿಸಬೇಕು.

ಇನ್ನು ಚಿತ್ರಗಳು. ಅರ್ಜಿಯ ಜೀವ ಇರುವುದು ಇಲ್ಲಿ. ಕೊನೆಯ ಅಂಗಮಾರಿಯನ್ನೇ ತೆಗೆದುಕೊಳ್ಳಿ. ಎಲೆಯ ಮೇಲ್ಭಾಗದಲ್ಲಿ ಕಾಣುವುದು ಬಿಸಿನೀರು ಬಿದ್ದಂಥ ಹಸಿರುಗಪ್ಪು ಮಚ್ಚೆ. ಹತ್ತು ಕಾರಣಕ್ಕೆ ಅಂಥ ಮಚ್ಚೆ ಬರಬಹುದು. ನಿಜವಾದ ಗುರುತು ಎಲೆಯ ಕೆಳಗಿದೆ. ಬೆಳಗಿನ ಜಾವ, ಇಬ್ಬನಿ ಆರುವ ಮೊದಲು ಎಲೆ ಮಗುಚಿ ನೋಡಿದರೆ ಮಚ್ಚೆಯ ಅಂಚಿನಲ್ಲಿ ತೆಳ್ಳಗೆ ಬಿಳಿ ಬೂಸ್ಟು ಕಾಣುತ್ತದೆ. ರೋಗಾಣು ಬೀಜಕಣಗಳನ್ನು ಹೊರಹಾಕುವ ಜಾಗ ಅದು. ಬಿಸಿಲೇರಿ ಎಲೆ ಒಣಗಿತೆಂದರೆ ಅದು ಕಣ್ಣಿಗೆ ಸಿಗುವುದು ಕಷ್ಟ, ಫೋನಿನ ಕ್ಯಾಮೆರಾಕ್ಕೆ ಇನ್ನೂ ಕಷ್ಟ. ಆದ್ದರಿಂದ ಹನ್ನೊಂದು ಗಂಟೆಗೆ ಜೀಪಿನಲ್ಲಿ ಬಂದು ಫೋಟೊ ತೆಗೆದು ಹೋಗುವ ತಂಡ ಸಾವಿರ ಚಿತ್ರ ತಂದರೂ ಕಲಿಸಬೇಕಾದ ಗುರುತೇ ಅವುಗಳಲ್ಲಿ ಇರುವುದಿಲ್ಲ. ಬೆಳಿಗ್ಗೆ ಆರೂವರೆಗೆ ತೋಟದಲ್ಲಿ ಇರಬಲ್ಲವರು ಆ ಊರಿನವರೇ. ನಮ್ಮ ಅರ್ಜಿಯಲ್ಲಿ ಮುಳಬಾಗಿಲು, ಶ್ರೀನಿವಾಸಪುರದ ಕಡೆಯ ನಾಲ್ವರು ಯುವಕ ಯುವತಿಯರಿಗೆ ಹತ್ತು ತಿಂಗಳ ಸಂಬಳವಿದೆ, ತಲಾ ತಿಂಗಳಿಗೆ 12,000 ರೂಪಾಯಿ. ಅವರ ಕೈಗೆ ಕೊಡುವುದು ದುಬಾರಿ ಕ್ಯಾಮೆರಾ ಅಲ್ಲ, ರೈತರ ಜೇಬಿನಲ್ಲಿರುವಂಥ ಹತ್ತು ಸಾವಿರದೊಳಗಿನ ಫೋನು. ಹತ್ತಿರ ಹಿಡಿದರೆ ಮಸುಕಾಗುವ, ಗಾಳಿಗೆ ಎಲೆ ಅಲುಗಿದರೆ ಗೆರೆ ಎಳೆದಂತಾಗುವ ಚಿತ್ರಗಳನ್ನು ನೋಡಿಯೇ ಸಾಧನ ಕಲಿಯಬೇಕು. ಮುಂದೆ ಅದಕ್ಕೆ ಸಿಗುವುದು ಅಂಥವೇ.

ಒಂದು ಸೂಕ್ಷ್ಮ ಇಲ್ಲಿದೆ. ಎಲೆ ಅಲುಗದಿರಲೆಂದು ಕೆಳಗೆ ಅಂಗೈ ಇಟ್ಟು ಫೋಟೊ ತೆಗೆಯುವುದು ರೂಢಿ. ಒಬ್ಬರೇ ಎಲ್ಲ ರೋಗದ ಎಲೆಗಳನ್ನೂ ಅಂಗೈಯಲ್ಲಿ ಹಿಡಿದು, ಆರೋಗ್ಯದ ಎಲೆಗಳನ್ನು ಮಾತ್ರ ಗಿಡದಲ್ಲೇ ಬಿಟ್ಟು ತೆಗೆದರೆ ಬೂದು ಹಾಳೆಯ ಕಥೆ ಮತ್ತೆ ಶುರುವಾಗುತ್ತದೆ: ಅಂಗೈ ಕಂಡರೆ ರೋಗ, ಕಾಣದಿದ್ದರೆ ಆರೋಗ್ಯ. ಹಾಗಾಗಿ ಪ್ರತಿ ಎಲೆಗೂ ಅಂಗೈ ಸಹಿತ ಒಂದು, ಅಂಗೈ ಇಲ್ಲದೆ ಒಂದು, ಮೇಲ್ಭಾಗ ಒಂದು, ಕೆಳಭಾಗ ಒಂದು ಚಿತ್ರ ಇರಬೇಕೆಂದು ಅರ್ಜಿಯಲ್ಲೇ ಬರೆಯಬೇಕು. ಓದುವ ಸಮಿತಿಗೆ ಇದು ಸಣ್ಣ ವಿಷಯ ಅನ್ನಿಸಬಹುದು. ಬರೆದವರು ತೋಟಕ್ಕೆ ಇಳಿದಿದ್ದಾರೋ ಇಲ್ಲವೋ ಎಂಬುದು ಗೊತ್ತಾಗುವುದು ಇಂಥ ಸಾಲುಗಳಿಂದಲೇ.

ಚಿತ್ರಕ್ಕೆ ಹೆಸರು ಕೊಡುವವರು ಯಾರು ಎಂಬುದು ಅದರಷ್ಟೇ ದೊಡ್ಡ ಪ್ರಶ್ನೆ. ಕಂಪ್ಯೂಟರಿನ ಮುಂದೆ ಕೂತು ಚಿತ್ರ ನೋಡಿ 'ಇದು ಕೊನೆಯ ಅಂಗಮಾರಿ' ಎಂದು ಬರೆದರೆ ಆ ತಜ್ಞರ ಅನುಮಾನವನ್ನೂ ಸೇರಿಸಿ ಫೋನಿಗೆ ಕಲಿಸಿದಂತಾಗುತ್ತದೆ. ಎಲ್ಲ ಎಲೆಗಳನ್ನೂ ಪ್ರಯೋಗಾಲಯಕ್ಕೆ ಕಳಿಸಲು ಹಣ ಸಾಲದು. ಆದರೆ 500 ಎಲೆಗಳನ್ನಾದರೂ ಕಳಿಸಿ, ಸೂಕ್ಷ್ಮದರ್ಶಕದ ಕೆಳಗೆ ಬೀಜಕಣ ನೋಡಿ, ಸಂಶಯವಿದ್ದರೆ ಮುಂದಿನ ಪರೀಕ್ಷೆ ಮಾಡಿಸಿ ಖಚಿತಪಡಿಸಿಕೊಳ್ಳಬೇಕು. ಎಲೆಗೆ ಸರಾಸರಿ 600 ರೂಪಾಯಿ ಎಂದರೆ 3 ಲಕ್ಷ. ಸಸ್ಯರೋಗ ತಜ್ಞರೊಬ್ಬರು ಎರಡೂ ಹಂಗಾಮಿನಲ್ಲಿ ಜೊತೆಗಿರಲು 5 ಲಕ್ಷ. ಊರಿನ ನಾಲ್ವರ ಸಂಬಳ ಸೇರಿಸಿದರೆ ಒಟ್ಟು 12 ಲಕ್ಷ 80 ಸಾವಿರ. ಕೇಳಿದ ಹಣದ ಅರ್ಧಕ್ಕಿಂತ ಹೆಚ್ಚು ಎಲೆ ಮತ್ತು ಎಲೆಯ ಹೆಸರಿಗೇ ಹೋಯಿತು. ಕಂಪ್ಯೂಟರ್ ಬಾಡಿಗೆಗೆ 50 ಸಾವಿರ ಸಾಕು. ಮೊಬೈಲಿಗೆಂದೇ ಮಾಡಿದ, ಕೆಲವೇ ಎಂಬಿ ತೂಗುವ ಮಾಡೆಲ್‌ಗಳು 2017ರಿಂದಲೂ ಉಚಿತವಾಗಿ ಸಿಗುತ್ತಿವೆ; ಅವನ್ನು ನಮ್ಮ ಚಿತ್ರಗಳಿಂದ ಮತ್ತೆ ಪಳಗಿಸಿದರಾಯಿತು. ನೆಟ್‌ವರ್ಕ್ ಇಲ್ಲದ ತೋಟದಲ್ಲೂ ಅವು ಫೋನಿನೊಳಗೇ ಕೆಲಸ ಮಾಡುತ್ತವೆ. 'ಕಡಿಮೆ ಖರ್ಚು' ಅನ್ನುವುದು ಇಲ್ಲಿಗೆ ಒಪ್ಪುವ ಮಾತು. ಅರ್ಧಕ್ಕಿಂತ ಹೆಚ್ಚು ಹಣವನ್ನು ಸಾಫ್ಟ್‌ವೇರಿಗೇ ಇಟ್ಟುಕೊಂಡ ಅರ್ಜಿ ಬಂದರೆ ಸಮಿತಿಯವರು ಅದನ್ನು ವಾಪಸು ಕಳಿಸಬೇಕು ಎಂಬುದು ನನ್ನ ಅಭಿಪ್ರಾಯ.

ಪರೀಕ್ಷೆ ಹೇಗೆ ಮಾಡುತ್ತೀರಿ ಎಂಬ ಪುಟದಲ್ಲಿ ಎಡವುವವರೇ ಹೆಚ್ಚು. ಎಲ್ಲ ಚಿತ್ರಗಳನ್ನೂ ಕಲಸಿ, ಐದರಲ್ಲಿ ಒಂದು ಪಾಲನ್ನು ಪರೀಕ್ಷೆಗೆ ತೆಗೆದಿಟ್ಟರೆ ಒಂದೇ ಗಿಡದ, ಒಂದೇ ಎಲೆಯ ಎರಡು ಚಿತ್ರಗಳಲ್ಲಿ ಒಂದು ಪಾಠಕ್ಕೂ ಇನ್ನೊಂದು ಪರೀಕ್ಷೆಗೂ ಬರುತ್ತದೆ. ಪರೀಕ್ಷೆಗೆ ಮೊದಲೇ ಪ್ರಶ್ನೆಪತ್ರಿಕೆ ಕೊಟ್ಟಂತೆ ಅದು. ಊರಿನಿಂದ ಊರಿಗೆ ಬೇರ್ಪಡಿಸಬೇಕು. ಮೊದಲ ವರ್ಷದ ಚಿತ್ರಗಳಿಂದ ಕಲಿಸಿ ಎರಡನೆಯ ವರ್ಷ, ಅದುವರೆಗೆ ಕಾಲಿಡದ ಹಳ್ಳಿಗಳಲ್ಲಿ ಪರೀಕ್ಷಿಸಬೇಕು. ಅಂಕಿ ಇಳಿಯುತ್ತದೆ. ಇಳಿದ ಆ ಅಂಕಿಯೇ ರೈತರಿಗೆ ಸಿಗುವ ಅಂಕಿ.

ಎಷ್ಟಕ್ಕೆ ಇಳಿಯಬಹುದು? ಆಫ್ರಿಕಾದಲ್ಲಿ ಮರಗೆಣಸಿನ ವೈರಸ್ ರೋಗಗಳಿಗಾಗಿ ಪ್ಲಾಂಟ್‌ವಿಲೇಜ್ ತಂಡವೇ ಕಟ್ಟಿದ 'ನುರು' ಎಂಬ ಆ್ಯಪ್ ಇದೆ. 2020ರಲ್ಲಿ ಪ್ರಕಟವಾದ ಅದರ ಹೊಲದ ಪರೀಕ್ಷೆಯಲ್ಲಿ ಒಂದು ಎಲೆ ನೋಡಿ ಅದು ಸರಿಯಾಗಿ ಹೇಳಿದ್ದು ಶೇ 65. ಕೇಳಲು ಕಡಿಮೆ ಅನ್ನಿಸುತ್ತದೆ. ಆದರೆ ಅದೇ ಪರೀಕ್ಷೆಯಲ್ಲಿ ಕೃಷಿ ವಿಸ್ತರಣಾ ಸಿಬ್ಬಂದಿ ಸರಿಯಾಗಿ ಹೇಳಿದ್ದು ಶೇ 40ರಿಂದ 58, ರೈತರು ಶೇ 18ರಿಂದ 31. ಪ್ರತಿ ಗಿಡದ ಆರು ಎಲೆ ನೋಡಿದಾಗ ನುರುವಿನ ನಿಖರತೆ ಶೇ 74ರಿಂದ 88ಕ್ಕೆ ಏರಿತು. ಹೊಸ ತಂತ್ರಜ್ಞಾನ ಸೇರಿಸದೆ, ಬಳಸುವ ರೀತಿ ಬದಲಿಸಿದ್ದರಿಂದ ಬಂದ ಲಾಭ ಇದು. ನಮ್ಮ ಆ್ಯಪ್ ಕೂಡ ಒಂದು ಎಲೆಗೆ ಉತ್ತರ ಕೊಡಬಾರದು. "ಇನ್ನೂ ಐದು ಎಲೆ ತೋರಿಸಿ" ಎಂದು ಕೇಳಬೇಕು.

ನಿಖರತೆ ಚೆನ್ನಾಗಿದ್ದೂ ಸಾಧನ ದಾರಿ ತಪ್ಪಿಸುವ ಒಂದು ಬಗೆಯಿದೆ. ಅದನ್ನು ಲೆಕ್ಕ ಹಾಕಿಯೇ ನೋಡಬೇಕು. ತೋಟದಲ್ಲಿ 1,000 ಗಿಡ ಇವೆ, ರೋಗ ಈಗಷ್ಟೇ ಕಾಲಿಟ್ಟಿದೆ, 20 ಗಿಡಕ್ಕೆ ಬಂದಿದೆ ಎನ್ನಿ. ರೋಗವಿದ್ದರೆ ನೂರಕ್ಕೆ 90 ಸಲ ಹಿಡಿಯುವ, ಇಲ್ಲದಿದ್ದರೆ ನೂರಕ್ಕೆ 90 ಸಲ 'ಇಲ್ಲ' ಎನ್ನುವ ಒಳ್ಳೆಯ ಆ್ಯಪ್ ನಮ್ಮದು. ಎಲ್ಲ ಗಿಡಗಳನ್ನೂ ತೋರಿಸಿದರೆ ರೋಗದ 20ರಲ್ಲಿ 18 ಸಿಗುತ್ತವೆ. ಉಳಿದ 980 ಆರೋಗ್ಯದ ಗಿಡಗಳಲ್ಲಿ 98ಕ್ಕೂ 'ರೋಗ' ಎನ್ನುತ್ತದೆ. ಒಟ್ಟು 116 ಎಚ್ಚರಿಕೆ, ನಿಜವಾದವು 18. ಆರರಲ್ಲಿ ಐದು ಸುಳ್ಳು. ಎರಡು ಸಲ ಹೀಗಾದರೆ ರೈತರು ಒಂದೋ ಆ್ಯಪ್ ಅಳಿಸುತ್ತಾರೆ, ಇಲ್ಲವೇ ಇನ್ನಷ್ಟು ಔಷಧಿ ಹೊಡೆಯುತ್ತಾರೆ. ಎರಡನೆಯದು ಹೆಚ್ಚು ಅಪಾಯ.

ಕಣ್ಣಿಗೆ ಅನುಮಾನ ಬಂದ ಎಲೆಯನ್ನು ಮಾತ್ರ ತೋರಿಸಿದರೆ ಲೆಕ್ಕ ಪೂರ್ತಿ ಬದಲಾಗುತ್ತದೆ. ಅನುಮಾನದ 1,000 ಎಲೆಗಳಲ್ಲಿ 300ಕ್ಕೆ ನಿಜವಾಗಿ ರೋಗವಿದ್ದರೆ 270 ಸಿಗುತ್ತವೆ, ಸುಳ್ಳು ಎಚ್ಚರಿಕೆ 70. ಈಗ ಐದರಲ್ಲಿ ನಾಲ್ಕು ನಿಜ. ಆ್ಯಪ್ ಅದೇ, ನಿಖರತೆ ಅದೇ. ಹವಾಮಾನವನ್ನೂ ಸೇರಿಸಿಕೊಂಡರೆ ಇನ್ನೂ ಒಳ್ಳೆಯದು. ಕೊನೆಯ ಅಂಗಮಾರಿಗೆ ತೇವ ಮತ್ತು ತಂಪು ಬೇಕೇಬೇಕು. ಬ್ರಿಟನ್ನಿನ ಆಲೂಗಡ್ಡೆ ಬೆಳೆಗಾರರು ದಶಕಗಳ ಕಾಲ ಪಾಲಿಸಿಕೊಂಡು ಬಂದ ನಿಯಮ ಸರಳ: ಸತತ ಎರಡು ದಿನ ಉಷ್ಣಾಂಶ 10 ಡಿಗ್ರಿಗಿಂತ ಕೆಳಗಿಳಿಯದೆ, ಪ್ರತಿ ದಿನ 11 ಗಂಟೆಯಾದರೂ ಗಾಳಿಯ ತೇವ ಶೇ 90 ಇದ್ದರೆ ಎಚ್ಚರ. 2017ರಲ್ಲಿ ಆ 11 ಗಂಟೆಯನ್ನು 6ಕ್ಕೆ ಇಳಿಸಿದರು. ಕೋಲಾರಕ್ಕೆ ಈ ಅಂಕಿಗಳು ಹಾಗೇ ಹೊಂದಲಾರವು, ಇಲ್ಲಿನ ಎರಡು ಮಳೆಗಾಲದ ಮಾಹಿತಿ ಇಟ್ಟು ಸರಿಹೊಂದಿಸಬೇಕು. ತೇವದ ದಿನಗಳು ಕೂಡಿಬಂದಾಗ "ನಾಳೆ ಬೆಳಿಗ್ಗೆ ಎಲೆ ಮಗುಚಿ ನೋಡಿ" ಎಂದು ಒಂದು ಸಂದೇಶ ಕಳಿಸುವುದಕ್ಕೆ ದೊಡ್ಡ ಖರ್ಚಿಲ್ಲ. 'ಆರಂಭದಲ್ಲೇ ಪತ್ತೆ' ಎಂದು ಅರ್ಜಿಯಲ್ಲಿ ಬರೆಯುವ ಹಕ್ಕು ಬರುವುದು ಇದರಿಂದ. ಚಿತ್ರದಲ್ಲಿ ಮಚ್ಚೆ ಕಾಣುವ ಹೊತ್ತಿಗೆ ರೋಗಾಣು ಎಲೆಯೊಳಗೆ ಹೊಕ್ಕು ಕೆಲವು ದಿನಗಳೇ ಆಗಿರುತ್ತವೆ.

ಎಲೆ ಮುಟುರಿನ ವಿಷಯದಲ್ಲಂತೂ ಇನ್ನೂ ನೇರವಾಗಿ ಬರೆಯಬೇಕು: ಈ ಸಾಧನ ಅದನ್ನು ಬೇಗ ಹಿಡಿಯುವುದಿಲ್ಲ. ಎಲೆ ಮುದುಡಿ ಕಾಣುವಾಗ ಆ ಗಿಡದ ಕಥೆ ಮುಗಿದಿರುತ್ತದೆ. ಆ ರೋಗವನ್ನು ತಡೆಯುವ ಕೆಲಸ ನರ್ಸರಿಯಲ್ಲಿದೆ, ಸಸಿಗೆ ಹೊದಿಸುವ ಬಲೆಯಲ್ಲಿದೆ, ತಳಿಯ ಆಯ್ಕೆಯಲ್ಲಿದೆ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಬಿಡುಗಡೆ ಮಾಡಿದ ಅರ್ಕಾ ರಕ್ಷಕ್ ತಳಿಗೆ ಎಲೆ ಮುಟುರು, ದುಂಡಾಣು ಸೊರಗು ಮತ್ತು ಮುಂಚಿನ ಅಂಗಮಾರಿ ಮೂರನ್ನೂ ತಡೆಯುವ ಗುಣವಿದೆ. ಆ್ಯಪ್ ಇಲ್ಲಿ ಮಾಡಬಹುದಾದದ್ದು ಇಷ್ಟೇ: ಶಿಲೀಂಧ್ರನಾಶಕಕ್ಕೆ ದುಡ್ಡು ಸುರಿಯಬೇಡಿ ಎನ್ನುವುದು.

ಸರಿಯುತ್ತರ ಬಂದ ಮೇಲೆ ಏನು? 2009–10ರಲ್ಲಿ ದಕ್ಷಿಣದ ಟೊಮೆಟೊ ತೋಟಗಳಲ್ಲಿ ಕೊನೆಯ ಅಂಗಮಾರಿ ಜೋರಾದಾಗ ಅದೇ ಹೆಸರಘಟ್ಟದ ವಿಜ್ಞಾನಿಗಳು ರೋಗಾಣುವನ್ನು ಬೇರ್ಪಡಿಸಿ ನೋಡಿದರು. ಸಿಕ್ಕಿದ್ದು 13_ಎ2 ಎಂಬ ಬಗೆ; ಯುರೋಪಿನಲ್ಲೂ ಹಾವಳಿ ಎಬ್ಬಿಸಿದ್ದ, ಮೆಟಲಾಕ್ಸಿಲ್ ಎಂಬ ಅಂತರ್ವ್ಯಾಪಿ ಶಿಲೀಂಧ್ರನಾಶಕಕ್ಕೆ ಬಗ್ಗದ ಬಗೆ ಅದು. ಫೋನು ರೋಗವನ್ನು ಸರಿಯಾಗಿ ಗುರುತಿಸಿ, ಪರದೆಯಲ್ಲಿ ಹಳೆಯ ಪುಸ್ತಕದ ಔಷಧಿಯ ಹೆಸರು ತೋರಿಸಿದರೆ ರೈತರ ಹಣವೂ ಹೋಯಿತು, ಉಳಿದಿದ್ದ ಎರಡು ದಿನವೂ ಹೋಯಿತು. ಆದ್ದರಿಂದ ಔಷಧಿಯ ಪಟ್ಟಿಯನ್ನು ಸಾಫ್ಟ್‌ವೇರ್ ತಂಡ ಬರೆಯಕೂಡದು. ಅದು ತೋಟಗಾರಿಕೆ ವಿಜ್ಞಾನಿಗಳ ಕೈಯಲ್ಲಿರಬೇಕು, ಪ್ರತಿ ಹಂಗಾಮಿಗೂ ತಿದ್ದುಪಡಿಯಾಗಬೇಕು, ಔಷಧಿ ಮಾರುವ ಯಾವ ಕಂಪನಿಯ ಹಣವೂ ಅದರ ಹತ್ತಿರ ಸುಳಿಯಬಾರದು. 'ಗೊತ್ತಾಗುತ್ತಿಲ್ಲ' ಎಂಬ ಉತ್ತರ ಬಂದಾಗ ಚಿತ್ರ ನೋಡಿ ವಾಪಸು ಫೋನ್ ಮಾಡುವ ಒಬ್ಬ ಕೃಷಿ ಪದವೀಧರರೂ ಬೇಕು; ಕೋಲಾರದಲ್ಲಿ ಕನ್ನಡದ ಜೊತೆ ತೆಲುಗೂ ಬಂದರೆ ಒಳ್ಳೆಯದು. ಅವರ ಸಂಬಳಕ್ಕೆ ತಿಂಗಳಿಗೆ 18,000 ಇಟ್ಟಿದ್ದೇನೆ.

ಯಶಸ್ಸನ್ನು ಅಳೆಯುವುದು ಯಾವುದರಿಂದ? ಎಷ್ಟು ಜನ ಆ್ಯಪ್ ಇಳಿಸಿಕೊಂಡರು ಎಂಬುದರಿಂದ ಅಲ್ಲ. ಇಳುವರಿ ಹೆಚ್ಚಾಯಿತು ಎಂದು ತೋರಿಸುವ ಭರವಸೆಯನ್ನೂ ನಾನು ಕೊಡಲಾರೆ. ಮಳೆ, ತಳಿ, ನೀರು ಎಲ್ಲ ಸೇರಿ ಆಡಿಸುವ ಇಳುವರಿಯಲ್ಲಿ ಒಂದು ಆ್ಯಪಿನ ಪಾಲನ್ನು ಇಷ್ಟು ಸಣ್ಣ ಯೋಜನೆಯಲ್ಲಿ ಬೇರ್ಪಡಿಸಲಾಗದು. ಬದಲಿಗೆ 24 ಹಳ್ಳಿಗಳನ್ನು ಆರಿಸಿ, ಚೀಟಿ ಎತ್ತಿ 12ಕ್ಕೆ ಎರಡನೆಯ ಹಂಗಾಮಿನ ಮೊದಲಲ್ಲೇ ಸಾಧನ ಕೊಡುವುದು, ಉಳಿದ 12ಕ್ಕೆ ಆ ಹಂಗಾಮು ಮುಗಿದ ಮೇಲೆ. ಎರಡೂ ಕಡೆ ರೈತರು ಒಂದು ಪುಸ್ತಕದಲ್ಲಿ ಯಾವ ದಿನ ಏನು ಹೊಡೆದೆ, ಏಕೆ ಹೊಡೆದೆ ಎಂದು ಬರೆದಿಡುವುದು. ಹೊಡೆದದ್ದು ಅಲ್ಲಿದ್ದ ರೋಗಕ್ಕೆ ಸರಿಯಿತ್ತೇ ಎಂದು ಸಸ್ಯರೋಗ ತಜ್ಞರು ಮಾದರಿ ತೋಟಗಳಲ್ಲಿ ನೋಡಿ ಗುರುತು ಹಾಕುವುದು. ಯಾವ ಹಳ್ಳಿಗೆ ಸಾಧನ ಸಿಕ್ಕಿದೆ ಎಂಬುದು ಅವರಿಗೆ ಗೊತ್ತಿರಬಾರದು. ವೈರಸ್ಸಿಗೆ ಶಿಲೀಂಧ್ರನಾಶಕ ಹೊಡೆದದ್ದು, ಪೋಷಕಾಂಶದ ಕೊರತೆಗೆ ಔಷಧಿ ಹೊಡೆದದ್ದು ಎಷ್ಟು ಕಡಿಮೆಯಾಯಿತು ಎಂಬುದೇ ಫಲಿತಾಂಶ. ಕಡಿಮೆಯಾಗದಿದ್ದರೆ ಅದನ್ನೂ ಪ್ರಕಟಿಸುತ್ತೇವೆ ಎಂಬ ಸಾಲು ಅರ್ಜಿಯಲ್ಲಿರಬೇಕು.

ಕೊನೆಯ ಪುಟ 25ನೆಯ ತಿಂಗಳದ್ದು. ಅನುದಾನ ಮುಗಿದ ಮೇಲೂ ರೈತರಿಗೆ ವಾಪಸು ಫೋನ್ ಮಾಡುವ ಆ ಪದವೀಧರರ ಸಂಬಳ ನಡೆಯಬೇಕು. ಅದು ವರ್ಷಕ್ಕೆ 2,16,000 ರೂಪಾಯಿ. 2,000 ರೈತರು ಬಳಸಿದರೆ ಒಬ್ಬರಿಗೆ ವರ್ಷಕ್ಕೆ 108 ರೂಪಾಯಿ ಬೀಳುತ್ತದೆ. ಒಂದು ಎಕರೆಗೆ ಒಂದು ಸಲ ಔಷಧಿ ಹೊಡೆಯುವ ಖರ್ಚಿಗಿಂತ ಬಹಳ ಕಡಿಮೆ. ಸದಸ್ಯತ್ವದ ಹಣದಲ್ಲಿ ಇದನ್ನು ಹೊರಲು ಒಪ್ಪುವ ರೈತ ಉತ್ಪಾದಕ ಕಂಪನಿಯನ್ನು ಎರಡನೆಯ ವರ್ಷ ಹುಡುಕುತ್ತೇವೆ ಎಂದು ಬರೆದರೆ ಸಾಲದು. ಅದರ ಆಡಳಿತ ಮಂಡಳಿಯ ಮುಂದೆ ಇದೇ ಲೆಕ್ಕ ಇಟ್ಟು, ಸಹಿ ಹಾಕಿಸಿದ ಒಪ್ಪಿಗೆ ಪತ್ರವನ್ನು ಅರ್ಜಿಯ ಜೊತೆಗೇ ಲಗತ್ತಿಸಬೇಕು.